ಅಂಕಿಗಳನ್ನು ಮುಟ್ಟದೆ ಟೇಬಲ್ ಚಿತ್ರವನ್ನು ಕನ್ನಡಕ್ಕೆ ತಂದಿದ್ದು

ಇಂಗ್ಲಿಷಿನ ಒಂದು ವರದಿಯ ಚಿತ್ರ ನನ್ನ ಕೈಗೆ ಬಂದಿತ್ತು. ಮೇಲೆ 9 ಸಾಲು, 5 ಕಾಲಂನ ಟೇಬಲ್, ಕೆಳಗೆ ಬಾರ್ ಚಾರ್ಟ್. ಮೊದಲು ಚಿತ್ರದಲ್ಲಿದ್ದ ಅಕ್ಷರಗಳನ್ನೆಲ್ಲ ಓಸಿಆರ್ ಮಾಡಿ, ಅಂದರೆ ಕಂಪ್ಯೂಟರಿನಿಂದಲೇ ಓದಿಸಿ ಪಠ್ಯವಾಗಿಸಿ, ಹೊಸ ಟೇಬಲ್ ಕಟ್ಟಿದೆ. ನೋಡಲು ಚೆನ್ನಾಗಿಯೇ ಇತ್ತು, ಆದರೆ ಒಂದು ಕಾಲಂ ಕೂಡಿ ನೋಡಿದಾಗ ಕೆಳಗಿನ ಮೊತ್ತಕ್ಕೆ 60 ಕಡಿಮೆ ಬಂತು. ಹುಡುಕಿದರೆ ನಾಲ್ಕನೇ ಸಾಲಿನ 1,170 ಹೋಗಿ 1,110 ಆಗಿತ್ತು. ಚಿತ್ರ ಮಸುಕಾಗಿದ್ದರೆ 7 ಮತ್ತು 1 ಹೀಗೆ ಅದಲು ಬದಲಾಗುತ್ತವೆ.

ಅವತ್ತಿನಿಂದ ಅಂಕಿಗಳನ್ನು ಟೈಪ್ ಮಾಡುವುದನ್ನೇ ಬಿಟ್ಟೆ. ಈಗ ಚಿತ್ರ ತಿದ್ದುವ GIMP ತಂತ್ರಾಂಶದಲ್ಲಿ ಮೂಲ ಚಿತ್ರವನ್ನು ಅಡಿಯಲ್ಲಿ ಹಾಗೇ ಇಟ್ಟು, ಮೇಲೊಂದು ಲೇಯರ್ ಹಾಕಿ, ಪದಗಳಿರುವ ಮನೆಗಳನ್ನು ಮಾತ್ರ ಮುಚ್ಚುತ್ತೇನೆ. ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣ ಇದ್ದರೆ ಪ್ರತಿ ಸಾಲಿನ ಬಣ್ಣವನ್ನೂ ಅಲ್ಲಿಂದಲೇ ಆರಿಸಿಕೊಳ್ಳಬೇಕು. ಗೆರೆಗಿಂತ ಎರಡು ಪಿಕ್ಸೆಲ್ ಒಳಗೇ ನಿಲ್ಲಬೇಕು, ಇಲ್ಲದಿದ್ದರೆ ಟೇಬಲಿನ ಗೆರೆ ಅಲ್ಲಲ್ಲಿ ಹರಿದು ಹೋಗುತ್ತದೆ.

ಕನ್ನಡ ಬರೆಯುವಾಗ ನಿಜವಾದ ತೊಂದರೆ ಒತ್ತಕ್ಷರಗಳದ್ದು. ಇಂಗ್ಲಿಷಿಗೆ ಸಾಕಾಗಿದ್ದ ಎತ್ತರದಲ್ಲಿ 'ಒಟ್ಟು ಉತ್ಪನ್ನ' ಬರೆದರೆ ಒತ್ತುಗಳು ಕೆಳಗಿನ ಗೆರೆಗೆ ತಾಗುತ್ತವೆ. ಸಾಲಿನ ಎತ್ತರ ಹೆಚ್ಚಿಸಿದರೆ ಅಂಕಿಗಳೂ ಸರಿಯಬೇಕಾಗುತ್ತದೆ, ಅದು ಬೇಡ. ಅಕ್ಷರದ ಗಾತ್ರ ಸ್ವಲ್ಪ ಇಳಿಸುತ್ತೇನೆ, ಆಗಲೂ ಹಿಡಿಸದಿದ್ದರೆ ಚಿಕ್ಕ ಪದ ಹುಡುಕುತ್ತೇನೆ.

ಇದಕ್ಕಿಂತ ಜಾಸ್ತಿ ಎಚ್ಚರ ಬೇಕಾಗಿದ್ದು ತಲೆಬರಹಕ್ಕೆ. ಅಲ್ಲಿ 'ಇನ್ ಮಿಲಿಯನ್ಸ್' ಎಂದಿತ್ತು. ನಮಗೆ ಕೋಟಿ ರೂಢಿ ಅಲ್ವಾ, ಕೈ ಸುಮ್ನೆ 'ಕೋಟಿಗಳಲ್ಲಿ' ಎಂದು ಬರೆದುಬಿಡುತ್ತದೆ. ಹಾಗೆ ಬರೆದರೆ ಒಂದು ಅಂಕಿಯನ್ನೂ ಮುಟ್ಟದೆ ಇಡೀ ಕಾಲಂ ಹತ್ತು ಪಟ್ಟು ಸುಳ್ಳಾಗುತ್ತದೆ! 'ದಶಲಕ್ಷಗಳಲ್ಲಿ' ಎಂದೇ ಬರೆದೆ. ಕಂಸದೊಳಗಿದ್ದ (12.4) ಕೂಡ ಹಾಗೇ ಇರಲಿ, ಲೆಕ್ಕದ ಟೇಬಲುಗಳಲ್ಲಿ ಅದು ಮೈನಸ್. ಖಾಲಿ ಮನೆಯ ಗೀಟನ್ನು ಸೊನ್ನೆ ಮಾಡಬಾರದು, ಮಾಹಿತಿ ಇಲ್ಲದಿರುವುದೂ ಸೊನ್ನೆಯೂ ಬೇರೆ ಬೇರೆ.

ಚಾರ್ಟಿನಲ್ಲಿ ಬಣ್ಣದ ಚೌಕಗಳ ಪಕ್ಕದ ಹೆಸರುಗಳು ಕಾಡಿದವು. ಅವು ಅಡ್ಡಸಾಲಿನಲ್ಲಿದ್ದವು, ಕನ್ನಡದ ಹೆಸರು ಉದ್ದವಾಗಿ ಮುಂದಿನ ಚೌಕಕ್ಕೆ ಅಂಟಿಕೊಂಡಿತು. ಹೀಗಾದರೆ ಯಾವ ಬಣ್ಣ ಯಾವುದರದ್ದು ಎಂದೇ ಗೊತ್ತಾಗುವುದಿಲ್ಲ. ಪ್ರತಿ ಹೆಸರನ್ನೂ ಮೂಲ ಹೆಸರು ಶುರುವಾಗುವ ಜಾಗದಿಂದಲೇ ಶುರು ಮಾಡಿ, ಉದ್ದದ್ದನ್ನು ಎರಡು ಸಾಲಿಗೆ ಒಡೆದೆ.

ಮುಗಿದ ಮೇಲೆ PNG ಆಗಿ ಉಳಿಸುತ್ತೇನೆ. JPEG ಮಾಡಿದರೆ ಮುಟ್ಟದ ಜಾಗದ ಪಿಕ್ಸೆಲ್‌ಗಳೂ ಚೂರು ಬದಲಾಗಿ, ಕೊನೆಗೆ ಮೂಲದೊಂದಿಗೆ ಹೋಲಿಸುವ ಪರೀಕ್ಷೆ ಕೆಡುತ್ತದೆ. ಆಮೇಲೆ ಮೂಲ ಚಿತ್ರದ ಮೇಲೆ ಹೊಸದನ್ನು ಇಟ್ಟು ಲೇಯರ್ ಮೋಡ್ Difference ಮಾಡುತ್ತೇನೆ. ಬದಲಾಗದ ಜಾಗವೆಲ್ಲ ಕಪ್ಪಾಗುತ್ತದೆ, ಬದಲಾದದ್ದು ಮಾತ್ರ ಹೊಳೆಯುತ್ತದೆ. ಈ ಸಲ ಮೂರನೇ ಕಾಲಂನಲ್ಲಿ ಒಂದು ಚಿಕ್ಕ ಬಿಳಿ ಚುಕ್ಕೆ ಕಂಡಿತು. ಪಕ್ಕದ ಮನೆ ಮುಚ್ಚುವಾಗ 38.5ರ ದಶಮಾಂಶ ಚುಕ್ಕೆಯೂ ಮುಚ್ಚಿಹೋಗಿತ್ತು. ಅಷ್ಟು ಜಾಗದ ಬಣ್ಣ ಅಳಿಸಿದೆ, ಅಡಿಯಲ್ಲಿದ್ದ ಮೂಲ ಚುಕ್ಕೆ ಮತ್ತೆ ಕಾಣಿಸಿತು.