ಖಾಲಿ ಚೌಕ ಖಾಲಿಯಾಗಿಯೇ ಉಳಿಯಬೇಕು: ಸಂದರ್ಶಕರ ಪುಸ್ತಕದ ಫೋಟೊ ಓದಿಸಿದ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ಕಚೇರಿಯ ಸಂದರ್ಶಕರ ಪುಸ್ತಕದ ಪುಟವೊಂದನ್ನು ಫೋಟೊ ತೆಗೆದು, ಹೆಸರು, ಬಂದ ಸಮಯ, ಹೋದ ಸಮಯ ಮತ್ತು ಉದ್ದೇಶ ಎಂಬ ನಾಲ್ಕು ಅಂಕಣಗಳಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಫೋನಿನ ಆ್ಯಪ್ ಅಕ್ಷರಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಓದಿತು. ಆದರೆ ಕೊನೆಯ ಸಾಲಿನವರು ಹೋದ ಸಮಯ ಬರೆದಿದ್ದರೂ ಆ್ಯಪ್ ಕೊಟ್ಟ ಕೋಷ್ಟಕದಲ್ಲಿ ಆ ಜಾಗ ಖಾಲಿಯಿತ್ತು!

ಮೂಲ ಪುಟ ತೆರೆದಾಗ ಕಾರಣ ತಿಳಿಯಿತು. ಐದನೆಯ ಸಾಲಿನ ಅಡಿಕೆ ವ್ಯಾಪಾರಿ ಹೋಗುವಾಗ ಸಮಯ ಬರೆದಿರಲಿಲ್ಲ. ಆ್ಯಪ್ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಖಾಲಿ ಚೌಕವನ್ನು ಬಿಟ್ಟುಬಿಟ್ಟಿದ್ದರಿಂದ, ಅಲ್ಲಿಂದ ಮುಂದಿನ ಹೋದ ಸಮಯಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದಿದ್ದವು. ಬಹಳಷ್ಟು ಸಾಲುಗಳಲ್ಲಿ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಳವಳಗೊಳಿಸಿತು.

ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ನೇರ ಮೇಲಿನಿಂದ ಮತ್ತೆ ಫೋಟೊ ತೆಗೆದೆ. ಬಳಿಕ ಪುಟದ ಅಚ್ಚಾದ ಅಡ್ಡಗೆರೆಗಳಗುಂಟ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪ್ರತಿ ಪಟ್ಟಿಯನ್ನೂ ಪ್ರತ್ಯೇಕವಾಗಿ ಓದಿಸಿ, ಒಂದು ಪಟ್ಟಿಗೆ ಒಂದೇ ಸಾಲು ಎಂದು ನಿಗದಿ ಮಾಡಿದೆ. ಐದನೆಯ ಸಾಲು ಈಗ ಹೀಗಿದೆ:

```
ವ್ಯಾಪಾರಿ,10:20,,ಅಡಿಕೆ ಮಾದರಿ
```

ಎರಡು ಅಲ್ಪವಿರಾಮಗಳ ನಡುವಿನ ಆ ಖಾಲಿ ಜಾಗವನ್ನು ಊಹೆಯಿಂದ ತುಂಬಬಾರದು. ಉದ್ದೇಶದ ಅಂಕಣದಲ್ಲಿ ಮೇಲಿನಂತೆಯೇ ಎಂದು ಹಾಕಿದ ‘"’ ಗುರುತಿಗೆ ಮಾತ್ರ ಮೇಲಿನ ಸಾಲಿನ ಮಾತನ್ನು ಬರೆದೆ. ಮಧ್ಯಾಹ್ನದ 1.15 ಅನ್ನು 13:15 ಮಾಡಿದ ಮೇಲೆಯೇ ಬಂದ ಮತ್ತು ಹೋದ ಸಮಯಗಳನ್ನು ಹೋಲಿಸಿ ನೋಡಿದೆ. ಹೆಸರುಗಳನ್ನಂತೂ ಪಟ್ಟಿಯ ಚಿತ್ರ ಎದುರಿಗಿಟ್ಟುಕೊಂಡು ಕಣ್ಣಿನಿಂದಲೇ ತಾಳೆ ನೋಡಬೇಕಾಯಿತು.