ಸೀನನ ಸುಳ್ಳಿಗೆ ಒಂದು ಸೆಕೆಂಡು

ಮಾತಾಡುವ ಪಾತ್ರವನ್ನು ಅನಿಮೇಟ್ ಮಾಡುವಾಗ ನಾನು ತುಟಿಗೆ ಕೈ ಹಾಕುವುದು ಕಟ್ಟಕಡೆಗೆ. ಮೊದಲು ಕಣ್ಣು, ಆಮೇಲೆ ಹುಬ್ಬು ಮತ್ತು ತಲೆ. ತುಟಿ ಆಡುವ ಹೊತ್ತಿಗೆ ಯೋಚನೆ ಮುಗಿದಿರುತ್ತದೆ. ಹಾಗಾಗಿ ಯೋಚನೆ ಕಾಣಿಸಬೇಕಾದ ಜಾಗ ಮಾತಿಗಿಂತ ಸ್ವಲ್ಪ ಮುಂಚೆ.

ಇತ್ತೀಚೆಗೆ ಮಾಡಿದ ಒಂದು ಶಾಟ್ ಹೇಳುತ್ತೇನೆ. ಚಕ್ಕುಲಿ ಡಬ್ಬಿ ಖಾಲಿಯಾಗಿದೆ, ಯಾರು ತಿಂದಿದ್ದು ಅಂತ ಅತ್ತೆ ಕೇಳಿದ್ದಾರೆ. ಸೀನ ಅನ್ನುವ ಹುಡುಗ ಹೇಳುತ್ತಾನೆ: "ನಾನಾ? ಇಲ್ಲ ಅತ್ತೆ... ಪುಟ್ಟಿ ತಿಂದಿರ್ಬೇಕು." ಒಟ್ಟು ನಾಲ್ಕು ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನಂತೆ 96 ಫ್ರೇಮು. ಧ್ವನಿ ಕೇಳಿಕೊಂಡು ಗುರುತು ಹಾಕಿದಾಗ "ಇಲ್ಲ ಅತ್ತೆ" 38ಕ್ಕೆ ಮುಗಿಯಿತು, "ಪುಟ್ಟಿ" 63ಕ್ಕೆ ಶುರುವಾಯಿತು. ನಡುವೆ ಒಂದು ಸೆಕೆಂಡು ಮೌನ. ಸುಳ್ಳು ಹುಟ್ಟುವುದು ಅಲ್ಲೇ, ಶಾಟ್‌ನ ಜೀವ ಇರುವುದೂ ಅಲ್ಲೇ.

40ನೇ ಫ್ರೇಮಿನಲ್ಲಿ ಕಣ್ಣುಗುಡ್ಡೆ ಅತ್ತೆಯಿಂದ ಜಾರಿ ಕೆಳಗೆ, ಪಕ್ಕಕ್ಕೆ ಹೋಗುತ್ತದೆ. ಎರಡೇ ಫ್ರೇಮಿನಲ್ಲಿ, ಟಕ್ ಅಂತ. ನೋಟ ಕೆಳಗಿಳಿದರೆ ಮೇಲಿನ ರೆಪ್ಪೆಯೂ ಜೊತೆಗೆ ಇಳಿಯಬೇಕು. ಇಲ್ಲದಿದ್ದರೆ ಗುಡ್ಡೆಯ ಮೇಲೆ ಬಿಳಿ ಕಂಡು ಹುಡುಗ ಬೆಚ್ಚಿಬಿದ್ದ ಹಾಗೆ ಆಗುತ್ತದೆ. ತಲೆ ಹೊರಡುವುದು 43ಕ್ಕೆ, ನಿಧಾನವಾಗಿ, ನೋಟ ಹೋದ ಕಡೆಗೇ ಚೂರು ವಾಲಿಕೊಂಡು. ಕಣ್ಣು, ತಲೆ ಒಟ್ಟಿಗೆ ಹೊರಟರೆ ಅವನು ಯಾವುದೋ ಸದ್ದು ಕೇಳಿ ತಿರುಗಿದ ಹಾಗಿರುತ್ತದೆ, ಯೋಚನೆ ಅನ್ನಿಸುವುದಿಲ್ಲ. ವಾಲುವುದೂ ಜಾಸ್ತಿ ಬೇಡ. ಐದಾರು ಡಿಗ್ರಿ ಸಾಕಾಯಿತು.

ಹುಬ್ಬುಗಳ ಒಳತುದಿಗಳನ್ನು ಸ್ವಲ್ಪ ಹತ್ತಿರ ಎಳೆದು, ಒಂದನ್ನು ಮಾತ್ರ ಕೆಳಗಿಳಿಸಿದೆ. ಎರಡನ್ನೂ ಸಮವಾಗಿ ಇಳಿಸಿದರೆ ಅದು ಸಿಟ್ಟು. ಎರಡರ ಒಳತುದಿಯನ್ನೂ ಮೇಲೆತ್ತಿದರೆ ಇನ್ನೇನು ಅಳುತ್ತಾನೆ ಅನ್ನಿಸುತ್ತದೆ. ಏನೋ ಹುಡುಕುತ್ತಿರುವ ಮುಖಕ್ಕೆ ಈ ಸೊಟ್ಟತನವೇ ಬೇಕು.

ನೋಟ ಕೆಳಗಿರುವಾಗ ಗುಡ್ಡೆಯನ್ನು ಹಾಗೇ ನಿಲ್ಲಿಸಿದರೆ ಗೊಂಬೆ ಸತ್ತುಹೋಗುತ್ತದೆ. 47ಕ್ಕೊಂದು, 54ಕ್ಕೊಂದು ಚಿಕ್ಕ ಜಿಗಿತ ಕೊಟ್ಟೆ, ಒಂದೊಂದೇ ಫ್ರೇಮಿನಲ್ಲಿ. ನಡುವಿನ ಅಂತರ ಒಂದೇ ಅಳತೆಯಲ್ಲಿ ಇರಬಾರದು, ಇದ್ದರೆ ಗಡಿಯಾರ ನೋಡಿದಂತಿರುತ್ತದೆ. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಕೀಗಳು, ಅಂದರೆ ಇಂಥ ಫ್ರೇಮಿನಲ್ಲಿ ಇಂಥ ಭಂಗಿ ಅಂತ ಹಾಕಿದ ಗುರುತುಗಳು, ಸುಮ್ನೆ ಬಿಟ್ಟರೆ `Bezier` ಆಗಿ ಕೂರುತ್ತವೆ, ಒಂದರಿಂದ ಇನ್ನೊಂದಕ್ಕೆ ಚಲನೆ ನಯವಾಗಿ ಸಾಗುತ್ತದೆ. ಎರಡು ಕೀ ದೂರದೂರ ಇದ್ದರೆ ಗುಡ್ಡೆ ತೇಲಿಕೊಂಡು ಹೋಗುತ್ತದೆ, ಪಾತ್ರ ತೂಕಡಿಸುತ್ತಿದೆಯೇನೋ ಅನ್ನಿಸುತ್ತದೆ. ಆ ಜಿಗಿತಗಳಿಗಷ್ಟೇ, ಮುಂದಿನ ಕೀವರೆಗೆ ಅಲುಗದೆ ನಿಂತು ಒಮ್ಮೆಗೇ ಹಾರುವ `Constant` ಹಾಕುತ್ತೇನೆ.

ನೆಪ ಹೊಳೆಯುವುದು 57ಕ್ಕೆ. ಇಲ್ಲಿ ಒಂದು ಕಣ್ಣುಮಿಟುಕು. ಮುಚ್ಚಲು ಎರಡು ಫ್ರೇಮು, ಮುಚ್ಚಿದ್ದು ಒಂದು, ತೆರೆಯಲು ಮೂರು. ತೆರೆಯುವುದು ಯಾವಾಗಲೂ ಒಂಚೂರು ನಿಧಾನ. ರೆಪ್ಪೆ ಮುಚ್ಚಿದ್ದಾಗಲೇ ಗುಡ್ಡೆಯನ್ನು ಅತ್ತೆಯ ಕಡೆಗೆ ಸರಿಸಿಬಿಡುತ್ತೇನೆ. ಅದೇ ಹೊತ್ತಿಗೆ ಎರಡೂ ಹುಬ್ಬು ಮೇಲೇರಲು ಹೊರಡುತ್ತವೆ, ಎರಡು ಫ್ರೇಮು ಬಿಟ್ಟು ತಲೆ ನೆಟ್ಟಗಾಗತೊಡಗುತ್ತದೆ. ಕಣ್ಣು ತೆರೆದಾಗ ಬೇರೆಯೇ ಮುಖ. ಮರುಕ್ಷಣ, 63ಕ್ಕೆ, "ಪುಟ್ಟಿ" ಅನ್ನುತ್ತಾನೆ. ಮಾತಿಗಿಂತ ಮೊದಲೇ ನೋಡುವವರಿಗೆ ಗೊತ್ತಾಗಿರುತ್ತದೆ, ಸಿಕ್ಕಿತು ಇವನಿಗೆ ಅಂತ.

ಇಡೀ ಶಾಟ್‌ನಲ್ಲಿ ಇನ್ನೊಂದೇ ಮಿಟುಕು ಇದೆ, "ನಾನಾ" ಅನ್ನುವುದಕ್ಕೆ ಮುಂಚೆ. ಯೋಚನೆ ಬದಲಾಗುವ ಕಡೆ ಮಾತ್ರ ಮಿಟುಕು ಅನ್ನುವುದು ನನ್ನ ಲೆಕ್ಕ. ಇಷ್ಟು ಸೆಕೆಂಡಿಗೊಂದು ಅಂತ ಹಾಕುವವರಿದ್ದಾರೆ. ಅದು ಒಣಗಿದ ಕಣ್ಣಿಗೆ ಸರಿ, ನಟನೆಗಲ್ಲ. "ಪುಟ್ಟಿ ತಿಂದಿರ್ಬೇಕು" ಅನ್ನುವಾಗ ಬೇಕೆಂದೇ ಮಿಟುಕು ಕೊಡಲಿಲ್ಲ. ಹುಡುಗ ಅತ್ತೆ ನಂಬಿದರೋ ಇಲ್ಲವೋ ಅಂತ ನೋಡುತ್ತಿದ್ದಾನೆ ಅಲ್ವಾ, ಆಗ ಕಣ್ಣು ಮುಚ್ಚುವ ಧೈರ್ಯ ಎಲ್ಲಿಂದ ಬರಬೇಕು?

ಸರಿಯಾಗಿದೆಯಾ ಅಂತ ನೋಡಲು ಧ್ವನಿ ಬಂದ್ ಮಾಡಿ, ಪರದೆಯ ಮೇಲೆ ಪಾತ್ರದ ಬಾಯಿಗೆ ಒಂದು ಚೀಟಿ ಅಂಟಿಸಿ, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸುತ್ತೇನೆ. "ಏನೋ ನೆಪ ಹುಡುಕ್ತಿದಾನೆ" ಅಂದರೆ ಮಾತ್ರ ತುಟಿಯ ಕೆಲಸಕ್ಕೆ ಇಳಿಯುತ್ತೇನೆ.

ಇದೆಲ್ಲ ಮುಖ ಹತ್ತಿರದಿಂದ ಕಾಣುವ ಶಾಟ್‌ಗೆ. ಇದೇ ಮಾತನ್ನು ಅಡುಗೆಮನೆ ಪೂರ್ತಿ ಕಾಣುವಷ್ಟು ದೂರದಿಂದ ತೋರಿಸಿದರೆ ಗುಡ್ಡೆಯ ಜಿಗಿತ ಯಾರಿಗೂ ಕಾಣುವುದಿಲ್ಲ. ಅಲ್ಲಿ ಅವನ್ನು ಬಿಟ್ಟು, ತಲೆಯ ವಾಲುವಿಕೆಯನ್ನು ಎರಡು ಮೂರು ಪಟ್ಟು ಹೆಚ್ಚಿಸಿ, ಮಿಟುಕು ಮುಚ್ಚಿರುವುದನ್ನು ಇನ್ನೊಂದು ಫ್ರೇಮು ಎಳೆಯುತ್ತೇನೆ.