ಅವನು ನಿನಗೆ ಏನಾಗಬೇಕು?

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿದೆ. ಡಿಗ್ರಿ ಮುಗಿದ ಮೇಲೆ ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಆಗ ಪ್ರಿಲಿಮ್ಸ್‌ನಲ್ಲಿ 45 ನಿಮಿಷಕ್ಕೆ 80 ಪ್ರಶ್ನೆ, ಅದರಲ್ಲಿ ಅರ್ಧ ರೀಸನಿಂಗ್. ಉತ್ತರ ತಪ್ಪಾದರೆ ಕಾಲು ಅಂಕ ಕಟ್. ರಕ್ತ ಸಂಬಂಧದ ಪ್ರಶ್ನೆ ಬಂದರೆ ನನಗೆ ಖುಷಿಯಾಗುತ್ತಿತ್ತು. ತುಂಬಿದ ಮನೆಯಲ್ಲಿ ಬೆಳೆದವನು ನಾನು, ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಷಡ್ಡಕ ಎಲ್ಲಾ ಗೊತ್ತು. ಇದರಲ್ಲಿ ಅಂಕ ಹೋಗಲ್ಲ ಅಂದುಕೊಂಡಿದ್ದೆ. ಆದರೆ ಮಾಕ್ ಟೆಸ್ಟ್‌ಗಳಲ್ಲಿ ನನಗೆ ಜಾಸ್ತಿ ಅಂಕ ಹೋಗಿದ್ದು ಇದರಲ್ಲೇ.

ಯಾಕೆ ಅಂತ ಗೊತ್ತಾಗಿದ್ದು ಒಂದು ಪ್ರಶ್ನೆಯಿಂದ. ಅದು ಸುಮಾರಾಗಿ ಹೀಗಿತ್ತು.

ಒಂದು ಕುಟುಂಬದಲ್ಲಿ ಏಳು ಜನ ಇದ್ದಾರೆ: ಕ, ಗ, ಚ, ಜ, ಡ, ತ, ಪ. ತ ಅವರು ಜ ಅವರ ಸೋದರಿ. ಜ ಅವರ ತಂದೆ ಚ. ಕ ಅವರು ಚ ಅವರ ಅತ್ತೆ. ಗ ಅವರಿಗೆ ಇಬ್ಬರೇ ಮಕ್ಕಳು, ಡ ಮತ್ತು ಪ. ಪ ಅವರು ಜ ಅವರ ಸೋದರಮಾವ. ಹಾಗಾದರೆ ಗ ಅವರು ತ ಅವರಿಗೆ ಏನಾಗಬೇಕು? ಜ ಅವರು ಪ ಅವರಿಗೆ ಏನಾಗಬೇಕು?

ಆವತ್ತು ಇದನ್ನು ತಲೆಯಲ್ಲೇ ಮಾಡಿದೆ. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿತ್ತು. ಮತ್ತೆ ಮೇಲಿಂದ ಓದಿದೆ. ಮೂರು ನಿಮಿಷ ಹೋಯಿತು. ಕೊನೆಗೆ ಮೊದಲ ಪ್ರಶ್ನೆ ಸರಿಯಾಯಿತು, ಎರಡನೆಯದು ತಪ್ಪಾಯಿತು. ರೂಮಿಗೆ ಬಂದು ಅದೇ ಪ್ರಶ್ನೆಯನ್ನು ಹಾಳೆಯ ಮೇಲೆ ಬಿಡಿಸಿದೆ. ಆಮೇಲೆ ಬೇರೆ ಪ್ರಶ್ನೆಗಳಿಗೂ ಹಾಗೇ ಮಾಡುತ್ತಾ ಹೋದೆ. ಹಾಗೆ ಕೈಗೆ ಹತ್ತಿದ ಕ್ರಮ ಇದು.

ಗುರುತುಗಳು ಸರಳ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೆ ಬರೀ ಅಕ್ಷರ, ಪಕ್ಕದಲ್ಲಿ ಪ್ರಶ್ನೆ ಗುರುತು. ಗಂಡ ಹೆಂಡತಿ ನಡುವೆ ಎರಡು ಗೆರೆ. ಅಣ್ಣ ತಮ್ಮ ಅಕ್ಕ ತಂಗಿಯರ ನಡುವೆ ಒಂದೇ ಅಡ್ಡಗೆರೆ. ತಂದೆ ತಾಯಿಯಿಂದ ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ. ಕೆಲವರು ಗಂಡಿಗೆ ಪ್ಲಸ್, ಹೆಣ್ಣಿಗೆ ಮೈನಸ್ ಹಾಕುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಅವಸರದಲ್ಲಿ ಹೆಣ್ಣಿನ ಮೈನಸ್ ಯಾವುದು, ಒಡಹುಟ್ಟಿದವರ ಅಡ್ಡಗೆರೆ ಯಾವುದು ಅಂತ ಗೊಂದಲವಾಗುತ್ತಿತ್ತು, ಅದಕ್ಕೇ ಬಿಟ್ಟೆ.

ಈಗ ಆ ಪ್ರಶ್ನೆ. ತ ಅವರು ಜ ಅವರ ಸೋದರಿ ಅಂದಾಗ ತ-ಗೆ ಸೊನ್ನೆ ಹಾಕಬಹುದು. ಜ-ಗೆ? ಸೋದರಿ ಅನ್ನುವ ಮಾತು ತ ಬಗ್ಗೆ ಮಾತ್ರ ಹೇಳುತ್ತದೆ. ಜ ಅಣ್ಣನೋ, ತಮ್ಮನೋ, ಅಕ್ಕನೋ, ತಂಗಿಯೋ ಹೇಳುವುದಿಲ್ಲ. ಅದಕ್ಕೇ ಜ ಪಕ್ಕ ಪ್ರಶ್ನೆ ಗುರುತು. ಎರಡನೇ ವಾಕ್ಯದಿಂದ ಇವರಿಬ್ಬರ ಮೇಲೆ ಚ ಬರುತ್ತಾನೆ, ತಂದೆ ಆದ್ದರಿಂದ ಚೌಕ.

ಮೂರನೇ ವಾಕ್ಯದಲ್ಲಿ ನಾನು ಯಾವಾಗಲೂ ಎಡವುತ್ತಿದ್ದೆ. ಕ ಅವರು ಚ ಅವರ ಅತ್ತೆ. ಇಲ್ಲಿ ಅತ್ತೆ ಅಂದರೆ ಹೆಂಡತಿಯ ತಾಯಿ. ಕ ಮತ್ತು ಚ ನಡುವೆ ಎಳೆಯುವುದಕ್ಕೆ ಯಾವ ಗೆರೆಯೂ ಇಲ್ಲ. ಅವರು ಗಂಡ ಹೆಂಡತಿಯೂ ಅಲ್ಲ, ತಾಯಿ ಮಗನೂ ಅಲ್ಲ. ಅವರ ನಡುವೆ ಇನ್ನೊಬ್ಬಳಿದ್ದಾಳೆ, ಚ-ನ ಹೆಂಡತಿ, ಕ-ಳ ಮಗಳು. ವಾಕ್ಯದಲ್ಲಿ ಅವಳ ಹೆಸರಿಲ್ಲ, ಅಷ್ಟೇ. ಅವಳಿಗೆ ಒಂದು ಖಾಲಿ ಸೊನ್ನೆ ಬರೆಯಬೇಕು. ಚ ಪಕ್ಕ ಎರಡು ಗೆರೆ, ಆಮೇಲೆ ಖಾಲಿ ಸೊನ್ನೆ, ಅದರ ಮೇಲೆ ಕ. ಹೆಸರಿಲ್ಲದವರಿಗೂ ಜಾಗ ಕೊಡುವುದನ್ನು ಕಲಿತ ಮೇಲೆ ಅತ್ತೆ, ಮಾವ, ಅಳಿಯ, ಸೊಸೆ, ಅಜ್ಜಿ, ಮೊಮ್ಮಗ ಇರುವ ಪ್ರಶ್ನೆಗಳು ನನಗೆ ಸುಲಭವಾದವು. ಇವೆಲ್ಲ ನಡುವೆ ಒಬ್ಬರನ್ನು ಬಚ್ಚಿಟ್ಟುಕೊಂಡಿರುವ ಪದಗಳು.

ನಾಲ್ಕನೇ ವಾಕ್ಯ ಇಲ್ಲಿಯವರೆಗಿನ ಚಿತ್ರಕ್ಕೆ ಎಲ್ಲೂ ಅಂಟುವುದಿಲ್ಲ. ಗ, ಡ, ಪ ಮೂವರೂ ಹೊಸಬರು. ಮೊದಲೆಲ್ಲ ನಾನು ಬಲವಂತವಾಗಿ ಎಲ್ಲೋ ಸೇರಿಸಿಬಿಡುತ್ತಿದ್ದೆ. ಈಗ ಹಾಳೆಯ ಪಕ್ಕದಲ್ಲಿ ಬೇರೆ ತುಂಡಾಗಿ ಬರೆದುಕೊಳ್ಳುತ್ತೇನೆ. ಮೇಲೆ ಗ?, ಕೆಳಗೆ ಡ? ಮತ್ತು ಪ?. ಇಬ್ಬರೇ ಮಕ್ಕಳು ಅಂದಿದ್ದಾರಲ್ವಾ, ಆ ಅಡ್ಡಗೆರೆಯ ಎರಡೂ ತುದಿಗೆ ಚಿಕ್ಕ ಗೂಟ ಹೊಡೆದಹಾಗೆ ಒಂದು ಗೀಟು ಹಾಕುತ್ತೇನೆ. ಇಲ್ಲಿ ಮೂರನೆಯವರಿಗೆ ಜಾಗ ಇಲ್ಲ ಅಂತ.

ಕೊನೆಯ ವಾಕ್ಯ ಎರಡು ತುಂಡುಗಳನ್ನೂ ಸೇರಿಸುತ್ತದೆ. ಪ ಸೋದರಮಾವ, ಅಂದರೆ ಜ ಅವರ ತಾಯಿಯ ಒಡಹುಟ್ಟಿದವನು. ಪ-ಗೆ ಚೌಕ. ಪ-ನ ಒಡಹುಟ್ಟಿದವರು ಡ ಒಬ್ಬರೇ, ಗೀಟು ಹಾಕಿದ್ದೇವೆ. ಹಾಗಾಗಿ ಜ ಅವರ ತಾಯಿ ಡ. ನಮ್ಮ ಖಾಲಿ ಸೊನ್ನೆಯಲ್ಲಿ ಡ ಹೋಗಿ ಕೂರುತ್ತಾಳೆ. ಡ-ಗೆ ತಾಯಿ ಕ ಇದ್ದಾಳೆ, ಮತ್ತೆ ಗ ಕೂಡ ಡ-ಗೆ ತಂದೆಯೋ ತಾಯಿಯೋ ಆಗಬೇಕು. ತಾಯಿಯ ಜಾಗ ತುಂಬಿದೆ. ಹಾಗಾದರೆ ಗ ತಂದೆ. ಗ ಗಂಡು ಅಂತ ಯಾವ ವಾಕ್ಯದಲ್ಲೂ ಇಲ್ಲ, ಚಿತ್ರ ಹೇಳಿತು.

```
   (ಕ) = [ಗ]
       |
  [ಪ] — (ಡ) = [ಚ]
            |
        (ತ) — ಜ?
```

ಮೊದಲ ಪ್ರಶ್ನೆಗೆ ಉತ್ತರ ತಾಯಿಯ ತಂದೆ, ಅಜ್ಜ. ಎರಡನೆಯದಕ್ಕೆ ನಾನು ಸೋದರಳಿಯ ಅಂತ ಗುರುತು ಹಾಕಿದ್ದೆ. ಉತ್ತರ 'ನಿರ್ಧರಿಸಲು ಸಾಧ್ಯವಿಲ್ಲ'. ಚಿತ್ರದಲ್ಲಿ ಜ ಪಕ್ಕದ ಪ್ರಶ್ನೆ ಗುರುತು ಕೊನೆವರೆಗೂ ಹೋಗಿಲ್ಲ, ನೋಡಿ. ಐದು ವಾಕ್ಯದಲ್ಲಿ ಎಲ್ಲೂ ಜ ಗಂಡು ಅಂತ ಇಲ್ಲ.

ಆ ವಾರ ಊರಿಗೆ ಹೋದಾಗ ಅಜ್ಜಿಗೆ ಇದೇ ಕಥೆಯನ್ನು ಅಕ್ಷರದ ಬದಲು ಮನೆಯವರ ಮಾತಿನಲ್ಲಿ ಹೇಳಿದೆ. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡು, "ಅದ್ಸರಿ, ಆ ಮಗು ಗಂಡೋ ಹೆಣ್ಣೋ? ಹೆಣ್ಣಾದ್ರೆ ಮಾವನ್ನೇ ಮಾಡ್ಕೊಳ್ಳೋ ವರಸೆ" ಅಂದರು. ನಾನು ಪೂರ್ತಿ ಬಿಟ್ಟಿದ್ದ ಪ್ರಶ್ನೆಯನ್ನು ಅವರು ಮೊದಲು ಕೇಳಿದರು. ಅವರಿಗೆ ವರಸೆ ಮುಖ್ಯ, ಅದಕ್ಕೆ ಗಂಡೋ ಹೆಣ್ಣೋ ಗೊತ್ತಾಗಲೇಬೇಕು.

ಆ ಮಾತಿನಿಂದಲೇ ಇನ್ನೊಂದು ವಿಷಯ ತಲೆಗೆ ಹೋಯಿತು. ನಮ್ಮ ಮನೆಯ ವರಸೆ ಬೇರೆ, ಪರೀಕ್ಷೆಯ ಸಂಬಂಧ ಬೇರೆ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ಇತ್ತು. ಅದಕ್ಕೇ ತಂದೆಯ ಅಕ್ಕತಂಗಿಗೂ ಅತ್ತೆ, ಹೆಂಡತಿಯ ತಾಯಿಗೂ ಅತ್ತೆ. ಮಾವನೂ ಹಾಗೇ. ಪ್ರಶ್ನೆಯಲ್ಲಿ ಬರೀ ಅತ್ತೆ ಅಂತ ಇದ್ದರೆ ಎರಡು ಚಿತ್ರ ಬರುತ್ತವೆ. ನಾನು ಇಂಗ್ಲಿಷ್ ರೂಪವನ್ನೂ ನೋಡುತ್ತಿದ್ದೆ. ಅಲ್ಲಿ 'ಮದರ್ ಇನ್ ಲಾ' ಇದ್ದರೆ ನಡುವೆ ಖಾಲಿ ಸೊನ್ನೆ, 'ಆಂಟ್' ಇದ್ದರೆ ಬೇರೆ ಗೆರೆ. ಇಂಗ್ಲಿಷ್‌ಗೆ ಅದರದ್ದೇ ತೊಂದರೆ ಇದೆ. 'ಅಂಕಲ್' ಅಂದರೆ ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಆಗುತ್ತಾರೆ. 'ಬ್ರದರ್ ಇನ್ ಲಾ' ಅಂದರೆ ಭಾವ, ಮೈದುನ, ಬಾಮೈದ, ಷಡ್ಡಕ ಎಲ್ಲರೂ. ಒಂದು ಭಾಷೆಯಲ್ಲಿ ಮಸುಕಾಗಿದ್ದು ಇನ್ನೊಂದರಲ್ಲಿ ಬಹಳ ಸಲ ಸ್ಪಷ್ಟವಾಗುತ್ತದೆ.

ದೊಡ್ಡಪ್ಪನ ಮಗನನ್ನು ನಾವು ಅಣ್ಣ ಅಂತೀವಿ. ಪರೀಕ್ಷೆಯಲ್ಲಿ ಅವನು ಸಹೋದರ ಅಲ್ಲ, 'ಕಸಿನ್'. ಅಡ್ಡಗೆರೆ ಎಳೆಯುವುದು ಒಂದೇ ತಂದೆ ತಾಯಿಯ ಮಕ್ಕಳಿಗೆ ಮಾತ್ರ. ಸಂಬಂಧದಲ್ಲೇ ಮದುವೆಯಾಗಿದೆ ಅಂತ ಪ್ರಶ್ನೆ ಹೇಳದೇ ಇದ್ದರೆ ಹಾಗೆ ಊಹಿಸಲೂ ಬಾರದು.

ಫೋಟೋ ತೋರಿಸುವ ಪ್ರಶ್ನೆಗಳಲ್ಲಿ ಮಾತ್ರ ಕನ್ನಡ ನಮಗೆ ದೊಡ್ಡ ಸಹಾಯ. "ನನ್ನ ತಾಯಿಯ ತಂದೆಯ ಮಗನ ಮಗಳು" ಅನ್ನುವುದನ್ನು ಓದುತ್ತಾ ಓದುತ್ತಾ ಬರೆಯಬಹುದು. ನನ್ನಿಂದ ಶುರು, ತಾಯಿಗೆ ಮೇಲೆ, ಅವರ ತಂದೆಗೆ ಇನ್ನೂ ಮೇಲೆ, ಮಗನಿಗೆ ಕೆಳಗೆ, ಮಗಳಿಗೆ ಮತ್ತೆ ಕೆಳಗೆ. ಪೆನ್ಸಿಲ್ ನಿಲ್ಲಿಸಬೇಕಾಗಿಲ್ಲ. ಇದೇ ವಾಕ್ಯ ಇಂಗ್ಲಿಷ್‌ನಲ್ಲಿ 'ಆಫ್' 'ಆಫ್' ಅಂತ ಬಂದಾಗ 'ಮೈ' ಎಲ್ಲಿದೆ ಅಂತ ಹುಡುಕಿ, ಕೊನೆಯಿಂದ ಹಿಂದಕ್ಕೆ ಬರಬೇಕು. ನನ್ನ ರೂಮ್‌ಮೇಟ್ ಇಂಗ್ಲಿಷ್‌ನಲ್ಲೇ ಓದುತ್ತಿದ್ದ. ಎಡದಿಂದ ಶುರುಮಾಡಿ ಚಿತ್ರ ತಲೆಕೆಳಗಾಗುತ್ತಿತ್ತು. ಹಿಂದಿನಿಂದ ಓದು ಅಂದ ಮೇಲೆ ಸರಿಹೋಯಿತು.

ಇಂಥ ಪ್ರಶ್ನೆಗಳಲ್ಲಿ 'ಏಕೈಕ' ಪದದ ಹತ್ತಿರ ನಾನು ಒಂದು ಕ್ಷಣ ನಿಲ್ಲುತ್ತೇನೆ. ಒಬ್ಬ ಹುಡುಗನನ್ನು ತೋರಿಸಿ ರಮೇಶ್ ಹೇಳಿದ: "ಇವನ ತಾಯಿ ನನ್ನ ತಾಯಿಯ ಏಕೈಕ ಮಗಳು." ಏಕೈಕ ಮಗಳು ಅಂದರೆ ಹೆಣ್ಣುಮಕ್ಕಳು ಒಬ್ಬಳೇ ಅಂತ. ಗಂಡುಮಕ್ಕಳಿರಬಾರದು ಅಂತಲ್ಲ, ರಮೇಶನೇ ಇದ್ದಾನಲ್ಲ. ಅದಕ್ಕೇ ಎರಡೂ ತುದಿಗೆ ಗೀಟು ಹಾಕದೆ ಆ ಸೊನ್ನೆಗೆ ಮಾತ್ರ ಸುತ್ತ ಇನ್ನೊಂದು ಸೊನ್ನೆ ಹಾಕುತ್ತೇನೆ. ಏಕೈಕ ಸಂತಾನ ಅಂದಿದ್ದರೆ ಗೀಟು. ಇಲ್ಲಿ ಹುಡುಗನ ತಾಯಿ ರಮೇಶನ ಒಡಹುಟ್ಟಿದವಳು, ರಮೇಶ ಸೋದರಮಾವ. ಇದೇ ಮಾತನ್ನು ಸುಮಾ ಹೇಳಿದಳು ಅಂತ ಬದಲಾಯಿಸಿ ನೋಡಿ. ಅವಳ ತಾಯಿಗೆ ಹೆಣ್ಣುಮಗಳು ಒಬ್ಬಳೇ, ಅದು ಸುಮಾನೇ. ಹುಡುಗ ಅವಳ ಮಗ. ಎರಡು ಸೊನ್ನೆ ಬರೆದು ಗೆರೆ ಎಳೆದರೆ ಇಲ್ಲೇ ತಪ್ಪುತ್ತದೆ. ಅವೆರಡೂ ಒಂದೇ ಸೊನ್ನೆ.

ಚಿತ್ರ ಮುಗಿದ ಮೇಲೆ ಹತ್ತು ಸೆಕೆಂಡ್ ತೆಗೆದುಕೊಂಡು ಪ್ರತಿ ವಾಕ್ಯವನ್ನೂ ಚಿತ್ರದ ಮೇಲೆ ಬೆರಳಿಟ್ಟು ಮತ್ತೆ ಓದುತ್ತಿದ್ದೆ. ಕ ಚ-ಗೆ ಅತ್ತೆ, ಹೌದು. ಗ-ಗೆ ಇಬ್ಬರೇ, ಹೌದು. ಪ ಜ-ಗೆ ಸೋದರಮಾವ, ಹೌದು. ಆಮೇಲೆ ತಲೆ ಎಣಿಸುತ್ತಿದ್ದೆ. ಏಳು ಜನ ಅಂದಿದ್ದರೆ ಏಳು ಇರಬೇಕು. ಎಂಟು ಬಂದರೆ ಎಲ್ಲೋ ಒಂದು ಖಾಲಿ ಸೊನ್ನೆ ತುಂಬದೆ ಉಳಿದಿದೆ ಅಂತ ಅರ್ಥ. ಅದು ಈಗಾಗಲೇ ಇರುವ ಯಾರೋ ಒಬ್ಬರದೇ ಜಾಗ. ಅಂಥ ಪ್ರಶ್ನೆಗಳಲ್ಲಿ ಮೊದಲು ಅದನ್ನೇ ಹುಡುಕುತ್ತಿದ್ದೆ.